ಡೈರಿಗೆ ಹೇಳಿದರೆ ಸಾಲದು

“ಇವತ್ತು ಗಣಿತ ಟೆಸ್ಟ್‌ನಲ್ಲಿ ಕಾಪಿ ಹೊಡೆದೆ. ರೈಲಿನ ಲೆಕ್ಕ, ನಾಲ್ಕು ಅಂಕದ್ದು. ಎಷ್ಟು ಸಲ ಓದಿದರೂ ಸಮೀಕರಣ ಹೇಗೆ ಮಾಡಬೇಕು ಅಂತ ಹೊಳೆಯಲಿಲ್ಲ. ಪಕ್ಕದವಳು ಕೈ ಸ್ವಲ್ಪ ಸರಿಸಿದಳು. ಬೇಕಂತಲೇ ಸರಿಸಿದಳೋ ಏನೋ ಗೊತ್ತಿಲ್ಲ. ಒಂದು ಸಾಲು ಕಾಣಿಸಿತು, ಅಷ್ಟೇ ನೋಡಿದ್ದು. ಮಿಕ್ಕಿದ್ದೆಲ್ಲ ನಾನೇ ಬಿಡಿಸಿದೆ, ಉತ್ತರ ಸರಿಯಾಗಿ ಬಂತು. ಅಪ್ಪ ಕೇಳಿದಾಗ ಟೆಸ್ಟ್ ಚೆನ್ನಾಗಾಯ್ತು ಅಂದೆ. ಈಗ ನಿದ್ದೆ ಬರುತ್ತಿಲ್ಲ. ನಾಳೆ ಮಿಸ್‌ಗೆ ಹೇಳಿಬಿಡಲಾ? ಹೇಳಿದರೆ ಅವಳ ಹೆಸರೂ ಬರುತ್ತೆ. ಹೇಳದೇ ಇದ್ದರೆ ಯಾರಿಗೆ ಏನು ನಷ್ಟ?”

ಹತ್ತನೇ ತರಗತಿಯ ಹುಡುಗಿಯೊಬ್ಬಳು ಇಂಥದ್ದೊಂದು ಪುಟ ಬರೆದಿದ್ದಾಳೆ ಎಂದಿಟ್ಟುಕೊಳ್ಳೋಣ. ಕಾಪಿ ಹೊಡೆಯುವುದು ತಪ್ಪೇ ಎಂದು ಅವಳು ಎಲ್ಲೂ ಕೇಳಿಲ್ಲ. ಅದು ಅವಳಿಗೆ ಗೊತ್ತು. ಗೊತ್ತಿರುವುದರಿಂದಲೇ ನಿದ್ದೆ ಹತ್ತಿಲ್ಲ. ಅವಳನ್ನು ಕಾಡುತ್ತಿರುವುದು ಕೊನೆಯ ಪ್ರಶ್ನೆ. ಯಾರಿಗೆ ಏನು ನಷ್ಟ? ಇದನ್ನು ನುಣುಚಿಕೊಳ್ಳುವ ಮಾತು ಎಂದು ದೊಡ್ಡವರು ಬೇಗ ತಳ್ಳಿಹಾಕುತ್ತಾರೆ. ನನಗೆ ಅದು ಪುಟದಲ್ಲಿರುವ ಅತ್ಯಂತ ಪ್ರಾಮಾಣಿಕ ಪ್ರಶ್ನೆಯಾಗಿ ಕಾಣುತ್ತದೆ. ಅದಕ್ಕೆ ಉತ್ತರ ಸಿಕ್ಕರೆ, ಹೇಳಬೇಕೋ ಬೇಡವೋ ಎಂಬುದಕ್ಕೂ ಉತ್ತರ ಸಿಕ್ಕೀತು.

ಮೊದಲು ಆ ಒಂದು ಸಾಲನ್ನು ನೋಡಬೇಕು. ಲೆಕ್ಕ ಹತ್ತನೇ ತರಗತಿಯ ಎಲ್ಲರಿಗೂ ಪರಿಚಯದ್ದು: ರೈಲೊಂದು 360 ಕಿಲೋಮೀಟರ್ ದೂರವನ್ನು ಒಂದೇ ವೇಗದಲ್ಲಿ ಕ್ರಮಿಸುತ್ತದೆ, ಗಂಟೆಗೆ 5 ಕಿ.ಮೀ. ಹೆಚ್ಚು ವೇಗದಲ್ಲಿ ಹೋಗಿದ್ದರೆ ಒಂದು ಗಂಟೆ ಮೊದಲೇ ತಲುಪುತ್ತಿತ್ತು. ಹಾಗಾದರೆ ಅದರ ವೇಗ ಎಷ್ಟು? ವೇಗವನ್ನು x ಎಂದಿಟ್ಟುಕೊಂಡರೆ ಈಗ ಹಿಡಿಯುವ ಸಮಯ 360/x, ಹೆಚ್ಚು ವೇಗದಲ್ಲಿ 360/(x+5), ಇವೆರಡರ ವ್ಯತ್ಯಾಸ 1. ಹುಡುಗಿ ನೋಡಿದ್ದು ಈ ಸಾಲನ್ನೇ. ಇದನ್ನು ಸರಳೀಕರಿಸಿದರೆ x² + 5x − 1800 = 0 ಬರುತ್ತದೆ, ಅಪವರ್ತಿಸಿದರೆ ವೇಗ 40. ಗಂಟೆಗೆ 40 ಕಿ.ಮೀ. ಹೋದರೆ ಒಂಬತ್ತು ಗಂಟೆ, 45 ಹೋದರೆ ಎಂಟು. ತಾಳೆಯಾಯಿತು.

ಅಪವರ್ತನ ಅವಳದ್ದೇ, ಉತ್ತರವೂ ಅವಳದ್ದೇ. “ಅಷ್ಟೇ ನೋಡಿದ್ದು” ಎಂಬ ಮಾತು ಸುಳ್ಳಲ್ಲ. ಆದರೆ ಪ್ರಶ್ನೆ ಪರೀಕ್ಷಿಸಲು ಹೊರಟಿದ್ದು ಯಾವುದನ್ನು? ಅಪವರ್ತನ ಬರುತ್ತದೋ ಎಂದಷ್ಟೇ ತಿಳಿಯಬೇಕಿದ್ದರೆ ಸಮೀಕರಣವನ್ನೇ ಕೊಟ್ಟು ಬಿಡಿಸಿ ಎನ್ನಬಹುದಿತ್ತು. ರೈಲು, ದೂರ, ಸಮಯ ಎಂದು ವಾಕ್ಯಗಳಲ್ಲಿ ಹೇಳಿದ್ದೇ, ಮಾತಿನಲ್ಲಿರುವ ಸಂಗತಿಯನ್ನು ಗಣಿತಕ್ಕೆ ಇಳಿಸಲು ಬರುತ್ತದೋ ಎಂದು ನೋಡುವುದಕ್ಕೆ. ಅವಳು ತೆಗೆದುಕೊಂಡ ಸಾಲು ಅಳತೆಯಲ್ಲಿ ಚಿಕ್ಕದು, ಆದರೆ ಪ್ರಶ್ನೆಯ ಜೀವವೆಲ್ಲ ಅದರಲ್ಲೇ ಇದೆ. ತಪ್ಪನ್ನು ಗೆರೆಗಳ ಲೆಕ್ಕದಲ್ಲಿ ಅಳೆದು ಸಮಾಧಾನ ಪಡುವುದು ಇಂಥ ಕಡೆ ನಡೆಯುವುದಿಲ್ಲ.

ಇನ್ನು ನಷ್ಟದ ಮಾತು. ಸಹಪಾಠಿಗಳಿಗೆ ಅನ್ಯಾಯವಾಯಿತು ಎನ್ನುವುದು ಸಾಮಾನ್ಯವಾಗಿ ಸಿಗುವ ಉತ್ತರ. ಶಾಲೆಯೊಳಗಿನ ಪರೀಕ್ಷೆ, ಚಟುವಟಿಕೆಗಳೆಲ್ಲ ಸೇರಿ ಎಸ್ಸೆಸ್ಸೆಲ್ಸಿ ಗಣಿತದ 100ರಲ್ಲಿ 20 ಅಂಕ ಆಗುವುದರಿಂದ ಆ ಮಾತು ತೀರಾ ಪೊಳ್ಳೇನಲ್ಲ. ಆದರೂ ಒಂದು ಕಿರುಪರೀಕ್ಷೆಯ ನಾಲ್ಕು ಅಂಕ ಆ ಇಪ್ಪತ್ತರಲ್ಲಿ ಕರಗಿ ಉಳಿಯುವುದು ಬಹಳ ಕಡಿಮೆ. ಅದರಿಂದ ಇಂಥವಳ ಸೀಟು ಹೋಯಿತು ಎಂದು ತೋರಿಸಲಾಗದು. ನಷ್ಟವನ್ನು ಅಲ್ಲಿ ಹುಡುಕಿದರೆ ಹುಡುಗಿಯ ವಾದವೇ ಗೆಲ್ಲುತ್ತದೆ.

ನಷ್ಟ ಇರುವುದು ಬೇರೆ ಕಡೆ. ಅಂಕ ಎನ್ನುವುದು ಶಿಕ್ಷಕಿ ಆಡುವ ಒಂದು ಮಾತು. ಈ ಹುಡುಗಿಗೆ ವಾಕ್ಯರೂಪದ ಲೆಕ್ಕ ಬರುತ್ತದೆ ಎಂದು ಅವರು ತಮ್ಮ ಸಹಿ ಹಾಕಿ ಹೇಳುತ್ತಾರೆ. ಮುಖ್ಯೋಪಾಧ್ಯಾಯರಿಗೆ, ಅಪ್ಪ ಅಮ್ಮನಿಗೆ, ಮುಂದೆ ಅಂಕಪಟ್ಟಿ ನೋಡುವ ಯಾರಿಗಾದರೂ. ನಕಲು ಮಾಡಿದ ಉತ್ತರಕ್ಕೆ ನಾಲ್ಕು ಅಂಕ ಬಿದ್ದ ಕ್ಷಣದಲ್ಲಿ, ಸುಳ್ಳು ಹೇಳುವ ಉದ್ದೇಶವೇ ಇಲ್ಲದ ಒಬ್ಬರ ಬಾಯಲ್ಲಿ ಸುಳ್ಳು ಬಂದಿರುತ್ತದೆ. ಅದರ ಮೇಲೆ ಅವರು ಮುಂದಿನ ಕೆಲಸವನ್ನೂ ಕಟ್ಟುತ್ತಾರೆ. ಹೆಚ್ಚಿನವರಿಗೆ ಬಂದಿದೆ ಎನ್ನಿಸಿದರೆ ಆ ಪಾಠವನ್ನು ಮತ್ತೆ ತೆಗೆಯುವುದಿಲ್ಲ, ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಹೊಳೆಯದೇ ಹೋದ ಆ ಸಾಲು ಹುಡುಗಿಗೆ ಹೊಳೆಯದೆಯೇ ಉಳಿಯುತ್ತದೆ. ಅಂದರೆ ಅವಳು ಯಾರಿಗಾದರೂ ಏನಾದರೂ ಹಿಂತಿರುಗಿಸಬೇಕಿದ್ದರೆ ಅದು ಶಿಕ್ಷಕಿಗೆ, ಹಿಂತಿರುಗಿಸಬೇಕಾದದ್ದು ಒಂದು ನಿಜ ಸಂಗತಿ. ತಪ್ಪೊಪ್ಪಿಗೆಯನ್ನು ಮನಸ್ಸಿನ ಭಾರ ಇಳಿಸಿಕೊಳ್ಳುವ ಉಪಾಯ ಎಂದು ನಾವು ನೋಡಿಬಿಟ್ಟಿದ್ದೇವೆ. ಹಾಗೆ ನೋಡಿದರೆ ಡೈರಿಯೇ ಸಾಕು; ಬರೆದು ಮುಗಿಸಿದ ಮೇಲೆ ಅವಳಿಗೆ ನಿದ್ದೆ ಬಂದರೂ ಬರಬಹುದು. ಶಿಕ್ಷಕಿಯ ಪುಸ್ತಕದಲ್ಲಿ ಮಾತ್ರ ಸುಳ್ಳು ಹಾಗೇ ಇರುತ್ತದೆ.

ಇದರ ದೊಡ್ಡ ಉದಾಹರಣೆ ಚಿಂತಕ ರೂಸೋ. 1728ರಲ್ಲಿ, ಟ್ಯೂರಿನ್ ನಗರದ ಮನೆಯೊಂದರಲ್ಲಿ ಆಳಾಗಿದ್ದ ಹದಿನಾರರ ಹುಡುಗ ಒಂದು ಹಳೆಯ ರಿಬ್ಬನ್ ಕದ್ದ. ಸಿಕ್ಕಿಬಿದ್ದಾಗ, ಮರಿಯೋನ್ ಎಂಬ ಅಡುಗೆಯ ಹುಡುಗಿ ಕೊಟ್ಟಳು ಎಂದು ಹೇಳಿದ. ಇಬ್ಬರನ್ನೂ ಕೆಲಸದಿಂದ ತೆಗೆದರು. ಆ ನೆನಪು ಅವನನ್ನು ಬಾಳೆಲ್ಲ ಕೊರೆಯಿತು. ತನ್ನ ಆತ್ಮಕಥೆಯಲ್ಲಿ ಅದನ್ನು ಒಂದಿಷ್ಟೂ ಬಚ್ಚಿಡದೆ ಬರೆದ; ಪುಸ್ತಕ ಬರೆಯಲು ಹೊರಟದ್ದರಲ್ಲಿ ಆ ಭಾರದ ಪಾಲೂ ಇದೆ ಎಂದು ಅವನೇ ಹೇಳಿಕೊಂಡಿದ್ದಾನೆ. ಅದು ಅಚ್ಚಾದದ್ದು ಅವನು ಸತ್ತ ಮೇಲೆ, 1782ರಲ್ಲಿ. ಜಗತ್ತಿಗೆಲ್ಲ ತಿಳಿಯಿತು. ಕಳ್ಳಿಯೆಂಬ ಹೆಸರು ಹೊತ್ತು ಹೋದ ಮರಿಯೋನ್‌ಗೆ ಅದರಿಂದ ದಕ್ಕಿದ್ದು ಏನೂ ಇಲ್ಲ. ಒಪ್ಪಿಗೆ ಎಷ್ಟೇ ಸುಂದರವಾಗಿರಲಿ, ಎಷ್ಟೇ ನಿಷ್ಠುರವಾಗಿರಲಿ, ಸಲ್ಲಬೇಕಾದವರಿಗೆ ಸಲ್ಲದಿದ್ದರೆ ಅದು ಬರೆದವನ ಆಸ್ತಿಯಾಗಿ ಉಳಿಯುತ್ತದೆ.

ಯಾರಿಗೆ, ಹೇಗೆ ಹೇಳಬೇಕು ಎಂಬುದನ್ನು ನಮ್ಮಲ್ಲಿ ಬಹಳ ಸೂಕ್ಷ್ಮವಾಗಿ ಯೋಚಿಸಿದವರು ಜೈನರು. ಸಾಧಕ ತನ್ನ ತಪ್ಪನ್ನು ಗುರುವಿನ ಮುಂದೆ ಹೇಳಿಕೊಳ್ಳುವುದಕ್ಕೆ ಅವರಲ್ಲಿ ಆಲೋಚನೆ ಎಂದು ಹೆಸರು. ನಮ್ಮ ವಡ್ಡಾರಾಧನೆಯ 19 ಕಥೆಗಳಿಗೆ ನಂಟಿರುವ ಪ್ರಾಕೃತದ ಭಗವತೀ ಆರಾಧನೆಯಲ್ಲಿ ಈ ಆಲೋಚನೆಗೆ ತಗಲುವ ಹತ್ತು ದೋಷಗಳನ್ನು ಹೇಳಿದೆ. ತಪ್ಪು ಮಾಡುವುದರ ದೋಷಗಳಲ್ಲ, ಒಪ್ಪಿಕೊಳ್ಳುವುದರ ದೋಷಗಳು. ಗುರುವಿಗೆ ಕನಿಕರ ಹುಟ್ಟಿಸಿ ಪ್ರಾಯಶ್ಚಿತ್ತ ಕಡಿಮೆಯಾಗುವ ಹಾಗೆ ಹೇಳುವುದು ಒಂದು. ಬೇರೆಯವರು ಕಂಡ ತಪ್ಪನ್ನು ಮಾತ್ರ ಹೇಳಿ ಕಾಣದ್ದನ್ನು ಮುಚ್ಚುವುದು ಇನ್ನೊಂದು. ಚಿಕ್ಕದನ್ನು ಹೇಳಿ ದೊಡ್ಡದನ್ನು ಬಿಡುವುದು, ಇಂಥ ತಪ್ಪಿಗೆ ಏನು ಶಿಕ್ಷೆ ಎಂದು ತನ್ನದಲ್ಲವೆಂಬಂತೆ ಮರೆಯಲ್ಲಿ ಕೇಳುವುದು, ಗದ್ದಲದ ನಡುವೆ ಸರಿಯಾಗಿ ಕೇಳಿಸದಂತೆ ಹೇಳಿಬಿಡುವುದು, ಅದೇ ತಪ್ಪು ಮಾಡುವವನ ಹತ್ತಿರ ಹೋಗಿ ಹೇಳುವುದು, ಇವೂ ಆ ಪಟ್ಟಿಯಲ್ಲಿವೆ.

ಶಾಲೆಯ ಪಡಸಾಲೆಯಲ್ಲಿ ನಿಂತು ಇದನ್ನು ಓದಿದರೆ ಒಂದೊಂದೂ ಎದುರಿಗೆ ಬರುತ್ತದೆ. ಗಂಟೆ ಹೊಡೆದು ಎಲ್ಲರೂ ಹೊರಗೆ ನುಗ್ಗುವಾಗ “ಮಿಸ್, ಆ ಲೆಕ್ಕ ಸ್ವಲ್ಪ ನೋಡಿಬಿಟ್ಟೆ” ಎಂದು ಓಡುವುದು ಗದ್ದಲದ ದೋಷ. “ಯಾರಾದರೂ ಒಂದು ಸಾಲು ನೋಡಿದರೆ ಅಂಕ ಕಳೀತೀರಾ ಮಿಸ್?” ಎಂದು ಕೇಳಿ ಲಾಭ ನಷ್ಟ ಅಳೆಯುವುದು ಮರೆಯ ದೋಷ. ಅತ್ತುಕೊಂಡು ಹೋಗಿ, ಶಿಕ್ಷಕಿಯೇ ಸಮಾಧಾನ ಮಾಡುವ ಹಾಗೆ ಆಗುವುದು ಕನಿಕರದ ದೋಷ. ಅಳು ತಾನಾಗಿ ಬಂದರೆ ಬೇರೆ ಮಾತು. ಎಲ್ಲರಿಗಿಂತ ಸುಲಭಕ್ಕೆ ಸಿಗುವವಳು ತಾನೂ ಕಾಪಿ ಹೊಡೆಯುವ ಗೆಳತಿ. “ಅಯ್ಯೋ, ಇದನ್ನೆಲ್ಲ ಯಾರು ಮಾಡಲ್ಲ ಬಿಡೇ” ಎಂದು ಅವಳು ಒಂದೇ ಮಾತಲ್ಲಿ ಮುಗಿಸಿಬಿಡುತ್ತಾಳೆ. ಆ ಸಮಾಧಾನಕ್ಕೆ ಬೆಲೆಯಿಲ್ಲದಿರುವುದು ಗೆಳತಿ ಕೆಟ್ಟವಳು ಎಂದಲ್ಲ. ಮನ್ನಿಸುವ ಹಕ್ಕು ಅವಳದ್ದಲ್ಲ.

ಹುಡುಗಿಯ ನಿಜವಾದ ಬಿಕ್ಕಟ್ಟು ಪಕ್ಕದವಳ ಹೆಸರು. ಇಲ್ಲಿ ಗಾಂಧಿಯ ಚೀಟಿ ನೆನಪಾಗುತ್ತದೆ. ಹದಿನೈದರ ವಯಸ್ಸಿನಲ್ಲಿ ಅವರು ಅಣ್ಣನ ಕಡಗದಿಂದ ಒಂದು ಚೂರು ಚಿನ್ನ ಕತ್ತರಿಸಿ ಕದ್ದರು. ತೀರಿಸಿದ್ದು ಅಣ್ಣ ಮಾಡಿದ್ದ ಸುಮಾರು 25 ರೂಪಾಯಿ ಸಾಲ. ತಾಳಲಾರದೆ ಚೀಟಿ ಬರೆದು, ಕಾಯಿಲೆಯಿಂದ ಹಲಗೆಯ ಮೇಲೆ ಮಲಗಿದ್ದ ತಂದೆಯ ಕೈಗೆ ಕೊಟ್ಟರು. ತಪ್ಪು ಒಪ್ಪಿಕೊಂಡದ್ದಲ್ಲದೆ, ಅದರಲ್ಲಿ ತನಗೆ ತಕ್ಕ ಶಿಕ್ಷೆ ಕೇಳಿದ್ದರು, ತಂದೆ ತಮ್ಮನ್ನು ತಾವು ದಂಡಿಸಿಕೊಳ್ಳಬಾರದೆಂದು ಬೇಡಿದ್ದರು, ಇನ್ನು ಕದಿಯುವುದಿಲ್ಲವೆಂದು ಮಾತು ಕೊಟ್ಟಿದ್ದರು. ತಂದೆ ಎದ್ದು ಕೂತು ಓದಿದರು, ಕಣ್ಣೀರಿನಿಂದ ಕಾಗದ ಒದ್ದೆಯಾಯಿತು, ಹರಿದು ಹಾಕಿ ಮತ್ತೆ ಮಲಗಿದರು. ಸ್ವೀಕರಿಸುವ ಹಕ್ಕುಳ್ಳವರ ಮುಂದೆ, ಮತ್ತೆ ಮಾಡೆನೆಂಬ ಮಾತಿನೊಂದಿಗೆ ಇಟ್ಟ ಒಪ್ಪಿಗೆಯೇ ಅತ್ಯಂತ ಶುದ್ಧ ಪಶ್ಚಾತ್ತಾಪ ಎಂದು ಮುಂದೆ ಗಾಂಧಿ ಬರೆದರು. ನನ್ನ ಕಣ್ಣು ನಿಲ್ಲುವುದು ಇನ್ನೊಂದು ಸಂಗತಿಯ ಮೇಲೆ. ಸಾಲ ಅಣ್ಣನದು, ಕಡಗ ಅಣ್ಣನದು, ಆದರೆ ಅವರು ಶಿಕ್ಷೆ ಕೇಳಿದ್ದು ತನಗೆ. ತನ್ನ ಕೈ ಮಾಡಿದ್ದಕ್ಕೆ ತಾನು ಹೊಣೆ, ಅಷ್ಟೇ.

ಪಕ್ಕದವಳು ಕೈ ಸರಿಸಿದ್ದು ಬೇಕಂತಲೋ ಅಲ್ಲವೋ ಹುಡುಗಿಗೆ ಗೊತ್ತಿಲ್ಲ. ಡೈರಿಯಲ್ಲೇ ಹಾಗೆ ಬರೆದಿದ್ದಾಳೆ. ಗೊತ್ತಿಲ್ಲದ್ದನ್ನು ಹೇಳಿದರೆ ಅದು ಸಾಕ್ಷಿಯಾಗುವುದಿಲ್ಲ, ಚಾಡಿಯಾಗುತ್ತದೆ. ಒಪ್ಪಿಕೊಳ್ಳಬಹುದಾದದ್ದು ಸ್ವಂತದ್ದು ಮಾತ್ರ. ಇನ್ನೊಬ್ಬರ ಪಾಲನ್ನು ಇನ್ನೊಬ್ಬರೇ ಹೇಳಿಕೊಳ್ಳಬೇಕು. ಇದು ಕಷ್ಟವೇ, ಏಕೆಂದರೆ ಕೂತ ಜಾಗ ಎಲ್ಲರಿಗೂ ಗೊತ್ತು, ಊಹಿಸುವುದು ಶಿಕ್ಷಕಿಗೆ ದೊಡ್ಡ ಕೆಲಸವಲ್ಲ. ಅದಕ್ಕೇ ಹೇಳುವ ಮೊದಲು ಪಕ್ಕದವಳ ಕಿವಿಗೆ ಒಂದು ಮಾತು ಹಾಕುವುದು ನ್ಯಾಯ. ಅನುಮತಿ ಕೇಳುವುದಕ್ಕಲ್ಲ, ತನ್ನ ಮೇಲೆ ನೆರಳು ಬೀಳಬಹುದು ಎಂದು ಮೊದಲೇ ತಿಳಿಯುವ ಹಕ್ಕು ಅವಳಿಗಿದೆ ಎಂದು.

ಹೆದರಿಕೆಯನ್ನು ನಾನು ಹಗುರ ಮಾಡಲಾರೆ. ಇಡೀ ತರಗತಿಯ ಎದುರು ನಿಲ್ಲಿಸಿ ವರ್ಷವಿಡೀ ಅದನ್ನೇ ಎತ್ತಿ ಆಡುವ ಶಿಕ್ಷಕರಿದ್ದಾರೆ. ಅಂಥವರ ಮುಂದೆ ಮಗು ಬಾಯಿ ಬಿಡದಿದ್ದರೆ ಅದರಲ್ಲಿ ಮಗುವಿನ ದೋಷ ಅರ್ಧವೂ ಇಲ್ಲ. ಅಲ್ಲಿ ಅಪ್ಪನಿಗೆ ಮೊದಲು ಹೇಳಿ ಅವರನ್ನು ಜೊತೆಗೆ ಕರೆದೊಯ್ಯುವ ದಾರಿ ಇದೆ. ಅಪ್ಪನಿಗೂ ಅವಳು “ಚೆನ್ನಾಗಾಯ್ತು” ಎಂದಿದ್ದಾಳಲ್ಲ, ಆ ಮಾತನ್ನೂ ತಿದ್ದಿದಂತಾಗುತ್ತದೆ. ಆದರೆ ಅವಳ ಮಿಸ್ ಹಾಗಿಲ್ಲದಿದ್ದರೆ ಕಾಯುವುದರಿಂದ ಸಿಗುವುದೇನೂ ಇಲ್ಲ. ಉತ್ತರಪತ್ರಿಕೆಗೆ ಇನ್ನೂ ಅಂಕ ಬಿದ್ದಿಲ್ಲ. ಬೀಳುವ ಮೊದಲು ಹೇಳಿದರೆ ಶಿಕ್ಷಕಿ ಸುಳ್ಳಿಗೆ ಸಹಿ ಹಾಕುವುದೇ ತಪ್ಪುತ್ತದೆ. ಪತ್ರಿಕೆ ಕೈಗೆ ಬಂದ ಮೇಲೆ ಹೇಳಿದರೆ ಅವರು ಹಾಕಿದ್ದನ್ನು ಹೊಡೆದುಹಾಕಬೇಕಾಗುತ್ತದೆ.

ನಾಳೆ ಸ್ಟಾಫ್ ರೂಮಿನ ಬಾಗಿಲಲ್ಲಿ, ಶಿಕ್ಷಕಿ ಒಬ್ಬರೇ ಇರುವ ಹೊತ್ತು ನೋಡಿ, ಅವಳು ಹೇಳಬೇಕಾದದ್ದು ಇಷ್ಟು: “ಮಿಸ್, ರೈಲಿನ ಲೆಕ್ಕದಲ್ಲಿ ಸಮೀಕರಣ ನನ್ನದಲ್ಲ, ನೋಡಿ ಬರೆದದ್ದು. ಬಿಡಿಸಿದ್ದು ನಾನು. ಆ ಲೆಕ್ಕಕ್ಕೆ ಅಂಕ ಹಾಕಬೇಡಿ. ಸಮೀಕರಣ ಮಾಡೋದು ನನಗೆ ಇನ್ನೂ ಬರ್ತಿಲ್ಲ.” ಯಾರದ್ದು ನೋಡಿದೆ ಎಂದು ಅವರು ಕೇಳಿಯೇ ಕೇಳುತ್ತಾರೆ. “ನೋಡಿದ್ದು ನಾನು ಮಿಸ್, ಅದನ್ನು ಮಾತ್ರ ಹೇಳ್ತೀನಿ” ಎಂದು ಅವಳು ನಿಂತುಕೊಂಡರೆ ಸಾಕು.