ಎರಡು ಕೋಣೆಗಳ ನಡುವಿನ ಕಡತ

2018ರ ಅಕ್ಟೋಬರ್ 23ರ ನಡುರಾತ್ರಿ ಕಳೆಯುವ ಹೊತ್ತಿಗೆ ಸಿಬಿಐ ನಿರ್ದೇಶಕ ಅಲೋಕ್ ವರ್ಮಾ ಮತ್ತು ವಿಶೇಷ ನಿರ್ದೇಶಕ ರಾಕೇಶ್ ಅಸ್ತಾನಾ ಇಬ್ಬರನ್ನೂ ಸರ್ಕಾರ ರಜೆಯ ಮೇಲೆ ಕಳುಹಿಸಿತ್ತು. ವರ್ಮಾ ಲಂಚ ಪಡೆದರೆಂದು ಅಸ್ತಾನಾ ಕ್ಯಾಬಿನೆಟ್ ಕಾರ್ಯದರ್ಶಿಗೆ ದೂರು ಕೊಟ್ಟಿದ್ದರು. ಆ ಅಸ್ತಾನಾ ಮೇಲೆಯೇ ಅದೇ ಸಂಸ್ಥೆ ಅಕ್ಟೋಬರ್ 15ರಂದು ಎಫ್‌ಐಆರ್ ದಾಖಲಿಸಿತ್ತು. ಇಬ್ಬರೂ ಆರೋಪ ಅಲ್ಲಗಳೆದರು. ಅವರಲ್ಲಿ ಯಾರು ಸರಿ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ, ಅದನ್ನು ಮತ್ತೆ ಕೆದಕುವುದು ನನ್ನ ಉದ್ದೇಶವಲ್ಲ. ಆ ರಾತ್ರಿಯ ಸುದ್ದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು, ಅವರಿಬ್ಬರ ಕೆಳಗೆ ಕೆಲಸ ಮಾಡುತ್ತಿದ್ದವರ ಪಾಡು.

ವಿಶೇಷ ನಿರ್ದೇಶಕರ ಮೇಲಿನ ಪ್ರಕರಣದ ತನಿಖೆ ಹೊತ್ತಿದ್ದ ಡಿವೈಎಸ್‌ಪಿಗೆ ಮರುದಿನವೇ ಪೋರ್ಟ್‌ಬ್ಲೇರ್‌ಗೆ ವರ್ಗಾವಣೆಯ ಆದೇಶ ಬಂತು. ಅದಕ್ಕೆ ಎರಡು ದಿನ ಮೊದಲು, ಆಚೆ ಕಡೆಯ ತಂಡದವರೆನಿಸಿಕೊಂಡಿದ್ದ ಇನ್ನೊಬ್ಬ ಡಿವೈಎಸ್‌ಪಿಯನ್ನು, ಸಾಕ್ಷಿಯೊಬ್ಬರ ಹೇಳಿಕೆಯನ್ನು ತಿರುಚಿದ ಆರೋಪದ ಮೇಲೆ ಸ್ವಂತ ಸಂಸ್ಥೆಯವರೇ ಬಂಧಿಸಿದ್ದರು. ಹತ್ತಕ್ಕೂ ಹೆಚ್ಚು ಅಧಿಕಾರಿಗಳು ಒಂದೇ ದಿನ ಅಲ್ಲಿಂದಿಲ್ಲಿಗೆ ಸರಿದರು. ನಿರ್ದೇಶಕರ ಎರಡು ವರ್ಷದ ಅವಧಿಗೆ ಕಾನೂನಿನ ರಕ್ಷಣೆಯಿದೆ, ಆಯ್ಕೆ ಸಮಿತಿಯ ಒಪ್ಪಿಗೆಯಿಲ್ಲದೆ ಅವರನ್ನು ಹೀಗೆ ಪಕ್ಕಕ್ಕಿಡುವಂತಿಲ್ಲ ಎಂದು 2019ರ ಜನವರಿ 8ರಂದು ಸುಪ್ರೀಂ ಕೋರ್ಟ್ ಹೇಳಿತು. ವರ್ಮಾ ಕುರ್ಚಿಗೆ ಮರಳಿದ್ದೇ ಆ ವರ್ಗಾವಣೆಗಳನ್ನು ರದ್ದು ಮಾಡಿದರು. 10ರಂದು ಸಮಿತಿ ಸೇರಿ ಅವರನ್ನು ತೆಗೆಯಿತು, 11ರಂದು ಹಂಗಾಮಿ ನಿರ್ದೇಶಕರು ಆ ರದ್ದತಿಯನ್ನೇ ರದ್ದು ಮಾಡಿದರು. ಮೇಲಿನವರ ಅವಧಿಯನ್ನು ಕಾಯಲು ಒಂದು ಕಾಯಿದೆ, ಒಂದು ಸಮಿತಿ, ಒಂದು ಸರ್ವೋಚ್ಚ ನ್ಯಾಯಾಲಯ ಇದ್ದವು. ಪೆಟ್ಟಿಗೆ ಕಟ್ಟಿ ಬಿಚ್ಚಿ ಮತ್ತೆ ಕಟ್ಟಬೇಕಾದ ಡಿವೈಎಸ್‌ಪಿಯನ್ನು ಕಾಯಲು ಏನಿತ್ತು?

ಕೋಣಗಳೆರಡು ಕಾದಾಡಿದರೆ ಗಿಡಕ್ಕೆ ಮೃತ್ಯು ಎಂಬುದು ನಮ್ಮಲ್ಲಿ ಹಳೆಯ ಮಾತು. ಆದರೆ ಕಚೇರಿಯ ಮಟ್ಟಿಗೆ ಆ ಮಾತು ಅರ್ಧ ಸತ್ಯವೆಂದೇ ನನಗನಿಸುತ್ತದೆ. ಗಿಡ ನಿಂತಲ್ಲಿ ನಿಂತಿರುತ್ತದೆ, ನಾವು ಹಾಗಲ್ಲ. ಒಂದು ಕೋಣದ ಕೊಂಬಿಗೆ ಎಣ್ಣೆ ಸವರಿದವರೂ ನಮ್ಮಲ್ಲಿದ್ದಾರೆ. ಅದಕ್ಕಿಂತ ಹೆಚ್ಚಾಗಿ, ಯಾವ ಪಕ್ಷವನ್ನೂ ಆಯ್ದುಕೊಳ್ಳದೆ ಒಂದು ದಿನ ಎದ್ದು ನೋಡಿದರೆ ಆಗಲೇ ಒಂದು ಪಕ್ಷದ ಪಟ್ಟಿಯಲ್ಲಿ ಹೆಸರು ಸೇರಿಹೋಗಿರುವವರಿದ್ದಾರೆ.

ಈ ಸೇರಿಸಿಕೊಳ್ಳುವ ಬಗೆಯನ್ನು ಮಹಾಭಾರತದ ಶಲ್ಯನ ಪ್ರಸಂಗದಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕಾಣೆ. ನಕುಲ ಸಹದೇವರ ಸೋದರಮಾವನಾದ ಅವನು ಸೇನೆ ಕಟ್ಟಿಕೊಂಡು ಹೊರಟದ್ದು ಪಾಂಡವರ ಕಡೆಗೇ. ದಾರಿಯುದ್ದಕ್ಕೂ ತಂಗಲು ಚಂದದ ಬಿಡಾರ, ಊಟ, ಉಪಚಾರ. ಇದೆಲ್ಲ ಧರ್ಮರಾಯನ ಏರ್ಪಾಡೇ ಇರಬೇಕೆಂದು ಸಂತೋಷಪಟ್ಟು, ಮಾಡಿಸಿದವರಿಗೆ ಉಡುಗೊರೆ ಕೊಡುತ್ತೇನೆಂದಾಗ ಎದುರು ಬಂದು ನಿಂತವನು ದುರ್ಯೋಧನ. ಆಡಿದ ಮಾತಿಗೆ ಕಟ್ಟುಬಿದ್ದು ಶಲ್ಯ ಕೌರವರ ಪಾಳೆಯ ಸೇರಿದ. ಅವನನ್ನು ಯಾರೂ ಬೆದರಿಸಲಿಲ್ಲ, ನಮ್ಮ ಕಡೆ ಬಾ ಎಂದು ಮೊದಲೇ ಕೇಳಲೂ ಇಲ್ಲ. ಊಟ ಹಾಕಿದ್ದು ಯಾರು ಎಂದು ಅವನು ವಿಚಾರಿಸಲಿಲ್ಲ, ಅಷ್ಟೇ.

ಇಂದಿನ ಕಚೇರಿಗಳಲ್ಲಿ ಆ ಬಿಡಾರಗಳು ಬೇರೆ ರೂಪದಲ್ಲಿವೆ. ಕೇಳದೆಯೇ ಮಂಜೂರಾದ ರಜೆ, ಎಲ್ಲರನ್ನೂ ಬಿಟ್ಟು ನಿಮ್ಮನ್ನೊಬ್ಬರನ್ನೇ ಒಳಗೆ ಕರೆದು ಕೊಡಿಸಿದ ಕಾಫಿ, ವಾರ್ಷಿಕ ವರದಿಯಲ್ಲಿ ನಿರೀಕ್ಷೆಗಿಂತ ಒಂದು ಮೆಟ್ಟಿಲು ಮೇಲಿನ ದರ್ಜೆ. ಇವುಗಳಲ್ಲಿ ಯಾವುದೂ ತಪ್ಪಲ್ಲ, ಬಹಳಷ್ಟು ಸಲ ನಿಜವಾದ ಒಳ್ಳೆಯತನವೇ ಇರುತ್ತದೆ. ಆದರೆ ಕೆಲವು ದಿನಗಳ ಮೇಲೆ ಅದೇ ಕೋಣೆಯಲ್ಲಿ, ಅದೇ ಮೃದು ದನಿಯಲ್ಲಿ, ‘ನಿನ್ನೆ ಮೀಟಿಂಗಿನಲ್ಲಿ ಅವರು ಏನಂದರು?’ ಎಂಬ ಪ್ರಶ್ನೆ ಬಂದಾಗ ಲೆಕ್ಕ ತಿಳಿಯುತ್ತದೆ. ಅದಕ್ಕೆ ಉತ್ತರಿಸಿದರೆ ನಾವು ಸುದ್ದಿಗಾರರು, ಉತ್ತರಿಸದಿದ್ದರೆ ಉಪಕಾರ ಮರೆತವರು. ‘ನೀವು ನಮ್ಮವರು ಅಂದುಕೊಂಡಿದ್ದೆ’ ಎಂಬ ವಾಕ್ಯದಷ್ಟು ಮೆತ್ತಗಿನ, ಅಷ್ಟೇ ಬಿಗಿಯಾದ ಹಗ್ಗ ಇನ್ನೊಂದಿಲ್ಲ.

ಸರ್ಕಾರಿ ಕಡತ ಬಲ್ಲವರಿಗೆ ಇನ್ನೊಂದು ದಾರಿಯೂ ಗೊತ್ತು. ನೀವು ನಿಯಮಗಳನ್ನು ನೋಡಿ, ಇಂಥದ್ದಕ್ಕೆ ಅವಕಾಶವಿಲ್ಲವೆಂದು ಟಿಪ್ಪಣಿ ಬರೆದು ಮೇಲೆ ಕಳುಹಿಸುತ್ತೀರಿ. ಕಡತ ಅಂಚಿನಲ್ಲಿ ‘ಚರ್ಚಿಸಿ’ ಎಂಬ ಒಂದೇ ಪದದ ಷರಾ ಹೊತ್ತು ಹಿಂದಿರುಗುತ್ತದೆ. ಚರ್ಚೆ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ, ಅಲ್ಲಿ ಆಡಿದ್ದು ಕಾಗದಕ್ಕೆ ಇಳಿಯುವುದಿಲ್ಲ. ಹೊರಬಂದ ನೀವು ಹೊಸ ಟಿಪ್ಪಣಿ ಬರೆಯುತ್ತೀರಿ, ಈ ಸಲ ಅವಕಾಶವಿದೆ ಎಂದು. ಮುಂದೆ ಎದುರು ಕೋಣೆಯವರ ಕೈ ಮೇಲಾದಾಗ ಕಡತದಲ್ಲಿ ಉಳಿದಿರುವುದು ನಿಮ್ಮ ಸಹಿ ಮಾತ್ರ. ಪಕ್ಷ ವಹಿಸಿದವರೆಂದು ಆಗ ಬೊಟ್ಟು ಮಾಡುವುದು ನಿಮ್ಮ ಕಡೆಗೇ.

ಇದಕ್ಕೊಂದು ಮದ್ದನ್ನು ನಿಯಮ ರಚಿಸಿದವರು ಯೋಚಿಸಿಟ್ಟಿದ್ದಾರೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳ ಪ್ರಕಾರ ಮೇಲಧಿಕಾರಿಯ ಸೂಚನೆ ಸಾಮಾನ್ಯವಾಗಿ ಬರಹದಲ್ಲಿರಬೇಕು. ಬಾಯಿಮಾತಿನ ಸೂಚನೆ ಪಡೆದವನು ಆದಷ್ಟು ಬೇಗ ಅದಕ್ಕೆ ಲಿಖಿತ ದೃಢೀಕರಣ ಕೇಳಬೇಕು, ಕೊಡುವುದು ಮೇಲಧಿಕಾರಿಯ ಕರ್ತವ್ಯ. ಕೇಳುವುದು ಹಕ್ಕೆಂದು ಬರೆದಿಲ್ಲ, ಕರ್ತವ್ಯವೆಂದು ಬರೆದಿದ್ದಾರೆ. ಹಕ್ಕಾಗಿದ್ದರೆ ಸಂಕೋಚದಿಂದ ಬಿಟ್ಟುಕೊಡಬಹುದಿತ್ತು. ಕರ್ತವ್ಯವಾದ್ದರಿಂದ, ‘ನನಗೆ ನಿಮ್ಮ ಮೇಲೆ ಅನುಮಾನವಿದೆ’ ಎಂಬ ಧ್ವನಿಯಿಲ್ಲದೆ ಕೇಳಲು ಅದು ದಾರಿ ಮಾಡಿಕೊಡುತ್ತದೆ. ಬಲ್ಲ ಗುಮಾಸ್ತರು ಕೇಳುವುದೂ ಇಲ್ಲ. ‘ಇಂದು ಚರ್ಚಿಸಿದಾಗ ನೀಡಿದ ನಿರ್ದೇಶನದಂತೆ’ ಎಂಬ ನಾಲ್ಕು ಪದಗಳಿಂದ ಟಿಪ್ಪಣಿ ಆರಂಭಿಸಿ, ನಿರ್ದೇಶನವನ್ನು ಇದ್ದ ಹಾಗೆ ಬರೆದು, ಸಹಿಗೆ ಮೇಲೆ ಕಳುಹಿಸುತ್ತಾರೆ. ಖಾಸಗಿ ಕಂಪನಿಯಲ್ಲಿ ಈ ಕೆಲಸವನ್ನು ಮೀಟಿಂಗಿನ ನಂತರದ ಒಂದು ಸಣ್ಣ ಮೇಲ್ ಮಾಡುತ್ತದೆ. ಎಷ್ಟೋ ಸೂಚನೆಗಳು ಬರಹಕ್ಕೆ ಇಳಿಯುವ ಹೊತ್ತಿಗೆ ತಾವಾಗಿಯೇ ಕರಗಿಹೋಗುವುದೂ ಉಂಟು.

ಹಾಗೆಂದು ಕಾಗದದ ಹಿಂದೆ ಅಡಗುವುದನ್ನೇ ನಿಷ್ಪಕ್ಷಪಾತ ಎನ್ನಲಾದೀತೇ? ಇಬ್ಬರಲ್ಲಿ ಒಬ್ಬರು ನಿಜಕ್ಕೂ ತಪ್ಪು ಮಾಡುತ್ತಿದ್ದಾಗ, ಹಿರಿಯರ ಜಗಳ ನಮಗೇಕೆ ಎಂದು ಸುಮ್ಮನಿರುವುದು ಆ ತಪ್ಪಿಗೆ ಕೊಟ್ಟ ಬೆಂಬಲವೇ. ವ್ಯಕ್ತಿಯ ಪಕ್ಷ ವಹಿಸುವುದಕ್ಕೂ ವಿಷಯದ ಪಕ್ಷ ವಹಿಸುವುದಕ್ಕೂ ಇರುವ ಗೆರೆ ಹೊರಗಿನವರಿಗೆ ಕಾಣುವುದಿಲ್ಲ, ಎಷ್ಟೋ ಸಲ ನಮಗೂ ಕಾಣುವುದಿಲ್ಲ. ನನಗೆ ತೋಚಿರುವ ಪರೀಕ್ಷೆ ಒಂದೇ: ಕಡತದಲ್ಲಿರುವ ಹೆಸರನ್ನು ಅಳಿಸಿ ಆ ಜಾಗದಲ್ಲಿ ಎದುರು ಕೋಣೆಯವರ ಹೆಸರು ಬರೆದುಕೊಂಡರೆ, ನನ್ನ ಟಿಪ್ಪಣಿಯ ಕೊನೆಯ ಸಾಲು ಹಾಗೆಯೇ ಉಳಿಯುತ್ತದೆಯೇ? ಉಳಿಯದಿದ್ದರೆ, ನಾನೆಷ್ಟೇ ತಟಸ್ಥನೆಂದು ಹೇಳಿಕೊಂಡರೂ ಯಾರದೋ ಬಿಡಾರದಲ್ಲಿ ಊಟ ಮಾಡಿದ್ದೇನೆ.

ಈ ಪರೀಕ್ಷೆ ಯಾರನ್ನೂ ವರ್ಗಾವಣೆಯಿಂದ ಉಳಿಸುವುದಿಲ್ಲ ಎಂಬುದನ್ನೂ ಒಪ್ಪಬೇಕು. ನಡುವೆ ನಿಂತವನನ್ನು ಇಬ್ಬರೂ ಅನುಮಾನಿಸುತ್ತಾರೆ, ತನ್ನವನಲ್ಲದವನು ಅವನವನೇ ಇರಬೇಕು ಎಂಬ ಲೆಕ್ಕದಲ್ಲಿ. ಆದರೆ ಹಿರಿಯರ ಕಾಲ ಚಿಕ್ಕದು. ಸಿಬಿಐ ಪ್ರಕರಣದಲ್ಲಿ ವರ್ಮಾ ತಮಗೆ ಕೊಟ್ಟ ಬೇರೆ ಹುದ್ದೆಗೆ ಹೋಗದೆ ಸೇವೆಯಿಂದ ಹೊರನಡೆದರು; ಅಸ್ತಾನಾ ಮೇಲಿನ ಪ್ರಕರಣದಲ್ಲಿ ಸಿಬಿಐ 2020ರಲ್ಲಿ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಅವರ ಹೆಸರಾಗಲಿ, ಬಂಧನಕ್ಕೊಳಗಾಗಿದ್ದ ಆ ಡಿವೈಎಸ್‌ಪಿಯ ಹೆಸರಾಗಲಿ ಆರೋಪಿಗಳ ಸಾಲಿನಲ್ಲಿ ಇರಲಿಲ್ಲ, ಮರುವರ್ಷ ಅಸ್ತಾನಾ ದೆಹಲಿ ಪೊಲೀಸ್ ಕಮಿಷನರ್ ಆದರು. ಎಲ್ಲ ಕಚೇರಿಗಳಲ್ಲೂ ಹೀಗೆಯೇ, ಒಬ್ಬರು ನಿವೃತ್ತರಾಗುತ್ತಾರೆ, ಒಬ್ಬರು ಮೇಲಕ್ಕೆ ಹೋಗುತ್ತಾರೆ, ಕೆಲವೊಮ್ಮೆ ಮಗಳ ಮದುವೆಯಲ್ಲಿ ಇಬ್ಬರೂ ಕೈಕುಲುಕಿ ಫೋಟೊಗೆ ನಿಲ್ಲುತ್ತಾರೆ. ಅವರ ಸಲುವಾಗಿ ಪರಸ್ಪರ ಮಾತು ಬಿಟ್ಟ ಇಬ್ಬರು ಗುಮಾಸ್ತರು ಮಾತ್ರ ಇನ್ನೂ ಹದಿನೈದು ವರ್ಷ ಅಕ್ಕಪಕ್ಕದ ಮೇಜಿನಲ್ಲೇ ಕೂತು, ಒಬ್ಬರು ಬರೆದ ಟಿಪ್ಪಣಿಯನ್ನು ಇನ್ನೊಬ್ಬರು ಪರಿಶೀಲಿಸುತ್ತಿರಬೇಕು.