ಹೆಸರು ಹೇಳೂದಿಲ್ಲ ಅಂದವನ ಸಂದರ್ಶನ

ವರದಿಗಾರನ ಕೆಲಸಕ್ಕೆಂದು ಹೋದ ಮೊದಲ ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ನಾನು ಎದೆಯುಬ್ಬಿಸಿ ಉತ್ತರ ಹೇಳಿದ್ದೆ. ಅದು ತಪ್ಪು ಉತ್ತರ ಅಂತ ಅರ್ಥವಾಗಲು ವರ್ಷಗಳೇ ಬೇಕಾದವು.

ವಿಜಯಪುರದ ಪತ್ರಿಕೆಯೊಂದರ ಕಚೇರಿ ಅದು. ಬರುವಾಗ ಸುದ್ದಿಗೊಂದು ವಿಷಯ ತರಬೇಕು ಅಂತ ಹೇಳಿದ್ದರು. ನಮ್ಮದು ಭೂತನಾಳ. ನಮ್ಮ ಕೆರೆ ನಗರಕ್ಕೆ ಕುಡಿಯುವ ನೀರು ಕೊಟ್ಟದ್ದು. ಹಾಗಾಗಿ 'ಭೂತನಾಳ ಕೆರೆಯ ದುಃಸ್ಥಿತಿ' ಅಂತ ಬರೆದುಕೊಂಡು ಹೋಗಿದ್ದೆ. ಹಿರಿಯ ಸಂಪಾದಕರು ಅದನ್ನೋದಿ, "ತಮ್ಮಾ, ಇದು ಪ್ರಬಂಧದ ಹೆಸರಾತು. ಯಾವ ಪ್ರಶ್ನೆಗೆ ಉತ್ತರ ಹುಡುಕ್ತಿ? ಯಾವ ಕಾಗದ ನೋಡ್ತಿ?" ಅಂದರು.

ತಡವರಿಸಿ ಹೇಳಿದೆ: "ನಳದಾಗ ರಾಡಿ ನೀರು ಬಂತು ಅಂತ ಮಂದಿ ದೂರಿದ ವಾರ, ಪರೀಕ್ಷಾ ವರದಿಯಾಗ ಏನಿತ್ತು ಅಂತ ನೋಡ್ತೀನ್ರಿ."

"ಈಗ ಸುದ್ದಿ ಆಗೂ ಲಕ್ಷಣ ಬಂತು ನೋಡು. ಹಂಗಾದ್ರ ಕೇಳು. ಪ್ರಯೋಗಾಲಯದ ನೌಕರ ಒಬ್ಬ ವರದಿಯ ಫೋಟೊ ಕಳಿಸ್ತಾನ. ನೀರಿನ ಕದಡು 4 ಎನ್‌ಟಿಯು ಅಂತ ಅದರಾಗ ಅದ. ತನ್ನ ಹೆಸರು ಬರಬಾರದು ಅಂತಾನ. ತಲೆಬರಹ ಏನು ಕೊಡ್ತಿ?"

"ಮಿತಿ ಮೀರಿದ ಕದಡು" ಅಂದುಬಿಟ್ಟೆ.

ಕುಡಿಯುವ ನೀರಿಗೆ ನಮ್ಮ ದೇಶದಲ್ಲಿರುವ ಮಾನಕ ಐಎಸ್ 10500. ಅದರ ಪ್ರಕಾರ ಕದಡು 1 ಎನ್‌ಟಿಯು ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 5ರವರೆಗೆ ಒಪ್ಪಬಹುದು. ಅಂದರೆ 4 ಅನ್ನುವ ಅಂಕಿಯೊಂದನ್ನೇ ಹಿಡಿದು 'ಮೀರಿದೆ' ಅಂದರೂ 'ಮೀರಿಲ್ಲ' ಅಂದರೂ ಅರ್ಧ ಸತ್ಯವೇ. ಅದಕ್ಕಿಂತ ದೊಡ್ಡ ಪ್ರಶ್ನೆ, ಮಾದರಿ ತೆಗೆದದ್ದು ಎಲ್ಲಿಂದ? ಕೆರೆಯಿಂದಲೋ, ಶುದ್ಧೀಕರಣ ಆದಮೇಲೋ, ಮನೆಯ ನಳದಿಂದಲೋ? ಶುದ್ಧೀಕರಣಕ್ಕೆ ಮೊದಲಿನ ಕೆರೆ ನೀರಿನಲ್ಲಿ 4 ಇದ್ದರೆ ಅದು ಸುದ್ದಿಯೇ ಅಲ್ಲ. ಫೋಟೊದ ಅಂಚು ಕತ್ತರಿಸಿ, ಆ ಕಾಲಮ್ಮು ಕಾಣದಿದ್ದರೆ ಅಲ್ಲೇ ನಿಲ್ಲಬೇಕು.

ಮುಂದೆ ಏನು ಮಾಡಬೇಕೆಂದು ಅವರೇ ಬಿಡಿಸಿ ಹೇಳಿದರು. ಪೂರ್ತಿ ಪುಟ ಕೇಳು. ಇನ್ನೊಬ್ಬ ಸಿಬ್ಬಂದಿ "ಹೌದು, ನಾನೂ ನೋಡೀನಿ" ಅಂದರೆ, ನೋಡಿದ್ದು ಮೂಲ ದಾಖಲೆಯನ್ನೋ ಅಥವಾ ಮೊಬೈಲಿಗೆ ಬಂದ ಅದೇ ಫೋಟೊವನ್ನೋ ಅಂತ ಕೇಳು. ಫೋಟೊ ಆದರೆ ಬಾಯಿ ಎರಡು, ಮೂಲ ಒಂದೇ. ಇವತ್ತು ನಳದ ನೀರು ತುಂಬಿ ಬೇರೆ ಕಡೆ ಪರೀಕ್ಷೆ ಮಾಡಿಸಿದರೆ ಇವತ್ತಿನ ನೀರು ಗೊತ್ತಾಗುತ್ತದೆ, ಆ ವಾರದ್ದಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ ಉತ್ತರಕ್ಕೆ 30 ದಿನ ಕಾಯಬೇಕು. ಆದರೆ ಅರ್ಜಿಯಲ್ಲಿ ಆ ಒಂದೇ ಮಾದರಿಯ ಸಂಖ್ಯೆ ಬರೆದರೆ, ಸೋರಿದ್ದು ಎಲ್ಲಿಂದ ಅಂತ ಕಚೇರಿಗೆ ತಿಳಿದುಹೋಗುತ್ತದೆ. ಇಡೀ ತಿಂಗಳ ದಾಖಲೆ ಕೇಳಬೇಕು.

ಕೊನೆಗೆ ಬಂತು ಆ ಪ್ರಶ್ನೆ: "ಆ ನೌಕರನ ಹೆಸರು ನನಗ ಹೇಳ್ತಿ ಏನು?"

"ಜೀವ ಹೋದ್ರೂ ಹೇಳಂಗಿಲ್ರಿ!"

"ಅವನಿಗೆ ಮ್ಯಾಲಿನವರ ಮ್ಯಾಲ ಹಳೇ ಸಿಟ್ಟು ಇದ್ರ? ಅಚ್ಚಾದ ಮಾತಿನ ಹೊಣೆ ನಂದೂ ಹೌದಲ್ಲ, ತಮ್ಮಾ?" ಅಂದರು. ನನ್ನ ಬಳಿ ಉತ್ತರವಿರಲಿಲ್ಲ.

ಈ ಗಂಟಿಗೆ ಉತ್ತರ ಹುಡುಕುವಾಗ ಒಂದು ಅಮೆರಿಕದ ಪ್ರಕರಣ ಓದಿದೆ. 1982ರ ಚುನಾವಣೆಯ ವೇಳೆ ಮಿನೆಸೋಟದಲ್ಲಿ ಡ್ಯಾನ್ ಕೊಹೆನ್ ಎಂಬಾತ ಎದುರಾಳಿ ಅಭ್ಯರ್ಥಿಯ ಹಳೆಯ ನ್ಯಾಯಾಲಯದ ಕಾಗದಗಳನ್ನು ವರದಿಗಾರರಿಗೆ ಕೊಟ್ಟ. ಹೆಸರು ಹಾಕುವುದಿಲ್ಲ ಅಂತ ಅವರು ಮಾತು ಕೊಟ್ಟಿದ್ದರು. ಎರಡು ಪತ್ರಿಕೆಗಳ ಸಂಪಾದಕರು, ಕೊಟ್ಟವನು ಯಾರೆಂಬುದೂ ಓದುಗರಿಗೆ ತಿಳಿಯಬೇಕು ಅಂತ ಹೆಸರು ಅಚ್ಚು ಹಾಕಿದರು. ಕೊಹೆನ್ ಕೆಲಸ ಕಳೆದುಕೊಂಡ. 1991ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ಕೊಟ್ಟ ಮಾತು ಮುರಿದದ್ದಕ್ಕೆ ಪತ್ರಿಕಾ ಸ್ವಾತಂತ್ರ್ಯ ಗುರಾಣಿಯಾಗದು ಅಂತ 5–4ರ ಬಹುಮತದಲ್ಲಿ ಹೇಳಿತು. ಓದಿದ ಮೇಲೆ ನನಗೆ ಕಾಡಿದ್ದು ಒಂದೇ: ಮಾತು ಕೊಟ್ಟವರು ವರದಿಗಾರರು, ಮುರಿದವರು ಸಂಪಾದಕರು, ಬೆಲೆ ತೆತ್ತವನು ಮೂರನೆಯವನು.

ನಮ್ಮಲ್ಲಿ 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ಪ್ರಕಾರ, ಮೂಲ ಯಾರು ಹೇಳಿ ಅಂತ ಕೌನ್ಸಿಲ್ ಪತ್ರಕರ್ತನನ್ನು ಒತ್ತಾಯಿಸುವಂತಿಲ್ಲ. ಆ ಕಟ್ಟು ಕೌನ್ಸಿಲ್‌ಗೆ ಮಾತ್ರ, ನ್ಯಾಯಾಲಯಕ್ಕಲ್ಲ. ಹಾಗಿದ್ದಮೇಲೆ "ಯಾರಿಗೂ ಹೇಳೂದಿಲ್ಲ" ಅನ್ನುವ ಮಾತು ನನ್ನೊಬ್ಬನ ಕಿಸೆಯದ್ದೇ?

ಈಗ ನಾನು ಮಾಡುವುದಿಷ್ಟು. ಎದುರಿನವರು ಕಡತ ತೆಗೆಯುವ ಮೊದಲೇ ಹೇಳುತ್ತೇನೆ: "ನಿಮ್ಮ ಹೆಸರು ಅಚ್ಚಾಗೂದಿಲ್ಲ. ನಿಮ್ಮಂಥವರು ಮೂರೇ ಮಂದಿ ಇದ್ರ ಹುದ್ದೆನೂ ಬರಿಯೂದಿಲ್ಲ. ಆದ್ರ ನಮ್ಮ ಸಂಪಾದಕರೊಬ್ಬರಿಗೆ ಹೆಸರು ಗೊತ್ತಿರ್ತದ. ಕೋರ್ಟು ಕೇಳಿದ್ರ ನಾ ಹೇಳೂದಿಲ್ಲ, ಅದರ ಪರಿಣಾಮ ನಂದು." ಸಂಪಾದಕರಿಂದಲೂ ಮೊದಲೇ ಒಪ್ಪಿಗೆ ಪಡೆದಿರುತ್ತೇನೆ. ಇಷ್ಟು ಕೇಳಿ ಕೆಲವರು ಕಡತ ತೆಗೆಯದೇ ಎದ್ದು ಹೋಗಿದ್ದಾರೆ. ಅವರೊಂದಿಗೆ ಒಳ್ಳೆಯ ಸುದ್ದಿಯೂ ಹೋಗಿದೆ. ಹೋಗಲಿ. ಕೊಡುವವರಿಗೆ ಕೂಲಿ ಇದೆ, ಮಕ್ಕಳಿದ್ದಾರೆ. ಎಷ್ಟು ಅಪಾಯ ಅಂತ ತಿಳಿದು ತೀರ್ಮಾನಿಸುವ ಹಕ್ಕು ಅವರದು.

ಈಗ ಮೇಜಿನ ಈಚೆ ನಾನೂ ಕೂರುತ್ತೇನೆ. ಅದೇ ಪ್ರಶ್ನೆ ಕೇಳುತ್ತೇನೆ. "ಜೀವ ಹೋದ್ರೂ ಹೇಳಂಗಿಲ್ರಿ" ಅನ್ನುವ ಹುಡುಗ, ಹುಡುಗಿಯರನ್ನು ಕಂಡರೆ ಪ್ರೀತಿಯೇ. ಆದರೂ ಕೇಳುತ್ತೇನೆ: "ಜೀವ ನಿಂದು ಖರೆ. ನೌಕರಿ ಯಾರದು?"