ಬಾರದವರ ಓಲೆ

ಮದುವೆಯ ಕರೆಯೋಲೆ ಕೈಸೇರಿದಾಗ, ಹೋಗಲುಳ್ಳವನಿಗೆ ಧರ್ಮಸಂಕಟವೇನೂ ಇಲ್ಲ. ಅವನು ಮುಹೂರ್ತದ ಗಳಿಗೆಯನ್ನೂ ಛತ್ರದ ವಿಳಾಸವನ್ನೂ ನೋಡಿಟ್ಟುಕೊಂಡರೆ ಸಾಕು. ಸಂಕಟವಿರುವುದು ಹೋಗಲಾರದವನಿಗೆ. ಅದರಲ್ಲಿಯೂ ಹೋಗಲಾರದ ಕಾರಣವನ್ನು ಬಾಯಿಬಿಟ್ಟು ಹೇಳಲಾಗದವನಿಗೆ. ಹುಸಿಯನ್ನಾಡಿದರೆ ಸತ್ಯಕ್ಕೆ ಭಂಗ. ನಿಜವನ್ನಾಡಿದರೆ ಪರರ ಮಂಗಳಕಾರ್ಯಕ್ಕೆ ಕರಿನೆರಳು. ಸುಮ್ಮನಿದ್ದರೆ ಸ್ನೇಹಕ್ಕೆ ಊನ. ಈ ಮೂರರ ನಡುವೆ ದಾರಿಯುಂಟೇ ಎಂಬುದು ವಿಚಾರಿಸತಕ್ಕ ಪ್ರಶ್ನೆ.

ನಮ್ಮ ಲಗ್ನಪತ್ರಿಕೆಗಳಲ್ಲಿ "ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ" ಎಂಬ ಒಕ್ಕಣೆ ಇರುತ್ತದೆಯೇ ಹೊರತು, ಬರುವಿರೋ ಇಲ್ಲವೋ ತಿಳಿಸಿರಿ ಎಂಬ ಕೋರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಪಾಶ್ಚಾತ್ಯರಲ್ಲಿ ಉತ್ತರ ಬರೆಯದಿರುವುದೇ ಅಪಚಾರ. ನಮ್ಮಲ್ಲಿ ಉತ್ತರವನ್ನು ಕೇಳುವುದೇ ಬಿಗುಮಾನವೆನಿಸುತ್ತದೆ. ಆದುದರಿಂದ ಪತ್ರಿಕೆ ಬಂದ ಕಡೆಗೆಲ್ಲಾ "ಬರಲಾರೆ" ಎಂದು ಬರೆಯಬೇಕಾದುದಿಲ್ಲ. ಕೈಫೋನಿನ ಮೂಲಕ ನೂರಾರು ಜನರಿಗೆ ಒಟ್ಟಿಗೆ ಕಳುಹಿಸಿದ ಪತ್ರಿಕೆಗೆ ಒಂದು ಶುಭಾಶಯದ ಮಾತು ಸಾಲುತ್ತದೆ. ಅಲ್ಲಿ ಬಾರದಿರುವ ಕಾರಣವನ್ನು ವಿವರಿಸತೊಡಗಿದರೆ ಅದು ತನ್ನ ಗೈರುಹಾಜರಿಯನ್ನು ತಾನೇ ದೊಡ್ಡದಾಗಿ ಎಣಿಸಿಕೊಂಡಂತೆ. ಯಾರ ಸ್ಥಾನ ಬರಿದಾದರೆ ಕರೆದವರ ಕಣ್ಣು ಅತ್ತ ತಿರುಗುವುದೋ, ಯಾರಿಗಾಗಿ ಛತ್ರದಲ್ಲಿ ಕೊಠಡಿಯೊಂದನ್ನು ತೆಗೆದಿರಿಸಿರುವರೋ, ಯಾರ ಮನೆಗೆ ದಂಪತಿಗಳು ತಾವೇ ಬಂದು ಅರಿಸಿನ ಕುಂಕುಮವನ್ನೂ ಮಂತ್ರಾಕ್ಷತೆಯನ್ನೂ ಕೊಟ್ಟು ಕರೆದಿರುವರೋ, ಅಂತಹವರು ಮಾತ್ರ ಉತ್ತರಕ್ಕೆ ಬದ್ಧರು.

ಬೆಂಗಳೂರಿನ ದಕ್ಷಿಣಭಾಗದಲ್ಲಿ, ಬನಶಂಕರಿಯಮ್ಮನ ಗುಡಿಗೆ ಅನತಿದೂರದಲ್ಲಿರುವ ಕುಮಾರಸ್ವಾಮಿ ಲೇಔಟಿನ ಒಂದು ಮನೆಯನ್ನು ಉದಾಹರಣೆಗೆ ಭಾವಿಸಿಕೊಳ್ಳಬಹುದು. ಯಜಮಾನರು ನಿವೃತ್ತರು. ಒಂದೇ ಗೋಡೆಯ ಆಚೆಗೆ ಇಪ್ಪತ್ತು ವರ್ಷ ನೆರೆಯವರಾಗಿದ್ದ ರಾಯರು ಈಗ ಮೈಸೂರಿನಲ್ಲಿ ನೆಲಸಿರುವರು. ಎರಡು ಮನೆಯ ಹೆಣ್ಣುಮಕ್ಕಳೂ ಒಂದೇ ಜಗುಲಿಯಲ್ಲಿ ಆಡಿ ಬೆಳೆದವರು. ಆ ರಾಯರ ಮಗಳಿಗೆ ಜ್ಯೇಷ್ಠಮಾಸದಲ್ಲಿ ಲಗ್ನ ನಿಶ್ಚಯವಾಗಿ, ಮೂರು ವಾರ ಮುಂಚಿತವಾಗಿ ಗಂಡಹೆಂಡಿರಿಬ್ಬರೂ ಬಂದು ಕರೆದುಹೋದರು. ಈ ಮನೆಯ ಮಗಳಿಗಾದರೋ ಹಿಂದಿನ ಮಾಘದಲ್ಲಿ ನಿಶ್ಚಿತಾರ್ಥವಾಗಿ, ಛತ್ರವನ್ನು ಗೊತ್ತುಮಾಡಿದ ಮೇಲೆ ಸಂಬಂಧ ಮುರಿದುಬಿದ್ದಿತ್ತು. ತಾಯಿಗೆ ಓಲಗದ ಸದ್ದು ಕೇಳಿದರೆ ಕಣ್ಣು ತುಂಬುವುದು. ಮಾಂಗಲ್ಯಧಾರಣೆಯ ಸಮಯದಲ್ಲಿ ಆಕೆ ಅಲ್ಲಿ ಕುಳಿತು ಅತ್ತುಬಿಟ್ಟರೆ ಗತಿಯೇನು? ಆಕೆಯನ್ನೂ ಮಗಳನ್ನೂ ಮನೆಯಲ್ಲಿ ಬಿಟ್ಟು ಹೋಗುವ ಸ್ಥಿತಿಯೂ ಇರಲಿಲ್ಲ. ಇದೇ ನಿಜವಾದ ಕಾರಣ. ಇದನ್ನು ಮಗಳ ಮದುವೆಯ ಸಂಭ್ರಮದಲ್ಲಿರುವ ಮನೆಗೆ ಬರೆದು ತಿಳಿಸುವುದೆಂತು?

ಅಕ್ಷತೆಯನ್ನು ಸ್ವೀಕರಿಸುವಾಗ ಯಜಮಾನರ ಬಾಯಿಂದ ಹೊರಟ ಮಾತು "ನೋಡೋಣ" ಎಂಬುದು. ಕನ್ನಡಿಗರ ಮನೆಗಳಲ್ಲಿ ಈ ಮಾತಿನಿಂದಾಗಿರುವ ಹಾನಿ ಅಷ್ಟಿಷ್ಟಲ್ಲ. ಆಡುವವನು ಅದನ್ನು "ಇಲ್ಲ" ಎಂಬ ಅರ್ಥದಲ್ಲಿ ಆಡುತ್ತಾನೆ. ಕೇಳುವವನು "ಹೌದು" ಎಂದು ಕೇಳಿಕೊಳ್ಳುತ್ತಾನೆ. ಇಬ್ಬರೂ ನೆಮ್ಮದಿಯಿಂದ ಬೀಳ್ಕೊಳ್ಳುತ್ತಾರೆ. ನೆಮ್ಮದಿ ಮುಹೂರ್ತದ ದಿನದವರೆಗೆ ಮಾತ್ರ. ಅಕ್ಷತೆ ಹಿಡಿದು ಬಂದವರೆದುರಿಗೆ ಆ ಗಳಿಗೆಯಲ್ಲಿಯೇ "ಬರಲಾರೆವು" ಎನ್ನುವುದೂ ಉಚಿತವಲ್ಲ, ನಿಜ. ಆಗ "ಬಹಳ ಸಂತೋಷ, ಮಗುವಿಗೆ ಒಳ್ಳೆಯದಾಗಲಿ" ಎಂದು ಸಂತೋಷವನ್ನು ಮಾತ್ರ ಹೇಳಿ, ತಾಂಬೂಲ ಕೊಟ್ಟು ಕಳುಹಿಸಿ, ಎರಡು ಮೂರು ದಿನದೊಳಗೆ ನಿಷ್ಕೃಷ್ಟವಾದ ಉತ್ತರವನ್ನು ಬರೆಯಬೇಕು. ಅಡಿಗೆಯವರಿಗೆ ಎಲೆಯ ಲೆಕ್ಕವನ್ನು ಖಚಿತವಾಗಿ ಹೇಳುವುದಕ್ಕೆ ಮೊದಲೇ ಆ ಉತ್ತರ ತಲುಪಿರಬೇಕು. ಹಿಂದಿನ ರಾತ್ರಿ ಬಂದ ಕ್ಷಮಾಪಣೆ ಎಷ್ಟು ಸವಿಯಾಗಿದ್ದರೂ ಕರೆದವನಿಗೆ ಅದರಿಂದ ಉಪಯೋಗವಿಲ್ಲ.

ಇನ್ನು ಸತ್ಯಾಸತ್ಯದ ಮಾತು. ವಿವಾಹಕಾಲದಲ್ಲಿ ಸುಳ್ಳಾಡಿದರೆ ದೋಷವಿಲ್ಲವೆಂದು ಶಾಸ್ತ್ರವೇ ಹೇಳುತ್ತದೆಯಲ್ಲಾ ಎಂದು ಕೆಲವರು ಸಮಾಧಾನ ಹೇಳುವುದುಂಟು. ಮಹಾಭಾರತದ ಆದಿಪರ್ವದಲ್ಲಿ ಈ ಮಾತು ಬರುವುದು ದಿಟವೇ. ಆದರೆ ಅದನ್ನಾಡುವವಳು ಶರ್ಮಿಷ್ಠೆ. ಶುಕ್ರಾಚಾರ್ಯರಿಗೆ ಯಯಾತಿ ಕೊಟ್ಟಿದ್ದ ಮಾತನ್ನು ಮುರಿಸಬೇಕೆಂದು ಅವಳು ಆಡಿದ ಮಾತದು. ಸ್ವಾರ್ಥವುಳ್ಳ ಸಾಕ್ಷಿಯನ್ನು ಪ್ರಮಾಣವೆಂದು ಹಿಡಿಯುವುದು ಹೇಗೆ? ಸುಳ್ಳಾಡುವ ಅರಸನು ಕೆಡುತ್ತಾನೆಂದು ಯಯಾತಿಯೇ ಅಲ್ಲಿ ಉತ್ತರ ಹೇಳುತ್ತಾನೆ. ಹೇಳಿಯೂ ಅವಳ ಮಾತಿಗೆ ಒಪ್ಪಿದ ಫಲವಾಗಿ ಅವನಿಗೆ ದೊರೆತದ್ದು ಅಕಾಲದ ಮುಪ್ಪು. ಮನುವಾದರೋ ನಾಲ್ಕನೆಯ ಅಧ್ಯಾಯದಲ್ಲಿ ಇದರ ಎಲ್ಲೆಯನ್ನು ಸ್ಪಷ್ಟವಾಗಿ ಹಾಕಿದ್ದಾನೆ: ನಿಜವನ್ನೂ ಹಿತವನ್ನೂ ನುಡಿಯಬೇಕು, ನೋಯಿಸುವ ನಿಜವನ್ನು ನುಡಿಯಬಾರದು, ಸವಿಯಾದ ಸುಳ್ಳನ್ನೂ ನುಡಿಯಬಾರದು ಎಂದು ಅವನ ಅಭಿಪ್ರಾಯ. ಜನರು ಮೂರನೆಯ ಮಾತನ್ನು ನೆನಪಿನಲ್ಲಿಟ್ಟುಕೊಂಡು ನಾಲ್ಕನೆಯದನ್ನು ಮರೆತುಬಿಡುವರು. ಆದರೆ ಅವೆರಡರ ನಡುವೆಯೇ ಬೇಕಾದಷ್ಟು ಅವಕಾಶವಿದೆ. ಮುಚ್ಚಿಡುವುದು ಬೇರೆ, ಇಲ್ಲದುದನ್ನು ಕಟ್ಟುವುದು ಬೇರೆ.

ಯಜಮಾನರು ಮೊದಲು ಬರೆದ ಓಲೆಯಲ್ಲಿ, ಅದೇ ದಿನ ತುಮಕೂರಿನಲ್ಲಿ ಬಂಧುಗಳ ಗೃಹಪ್ರವೇಶವಿರುವುದಾಗಿ ಬರೆದಿದ್ದರು. ಅಂತಹ ಗೃಹಪ್ರವೇಶವಿರಲಿಲ್ಲ. ಈ ಬಗೆಯ ನೆಪ ಒಂಟಿಯಾಗಿ ನಿಲ್ಲಲಾರದು. ಬಡಾವಣೆಯಿಂದ ಮದುವೆಗೆ ಹೋಗುವ ನಾಲ್ಕು ಮನೆಯವರು, ಆ ದಿನ ಬೆಳಿಗ್ಗೆ ಯಜಮಾನರು ಹಾಲಿನ ಅಂಗಡಿಯಲ್ಲಿ ನಿಂತಿದ್ದುದನ್ನು ಕಂಡೇ ಹೊರಟಿರುತ್ತಾರೆ. ಮುಂದೆ ರಾಯರು ಭೇಟಿಯಾದಾಗ "ಗೃಹಪ್ರವೇಶ ಚೆನ್ನಾಯಿತೇ?" ಎಂದು ವಿಶ್ವಾಸದಿಂದಲೇ ಕೇಳುವರು, ಆಗ ಎರಡನೆಯ ಸುಳ್ಳು ಬೇಕಾಗುತ್ತದೆ. ಇದಕ್ಕಿಂತಲೂ ದೊಡ್ಡ ದೋಷ ಇನ್ನೊಂದುಂಟು. ಬೇರೆ ಸಮಾರಂಭವನ್ನು ನೆಪವಾಗಿ ಹೇಳಿದಾಗ, ತಮ್ಮ ಮಗಳ ಮದುವೆಯನ್ನೂ ಅದನ್ನೂ ತೂಗಿ ನೋಡಿ ಅದನ್ನೇ ಹೆಚ್ಚೆಂದು ಆರಿಸಿದರೆಂದು ರಾಯರಿಗೆ ತೋರುತ್ತದೆ. ಅದು ಸುಳ್ಳಲ್ಲದಿದ್ದರೂ ನೋಯಿಸುವಂತಹ ಕಾರಣ.

ಎರಡನೆಯ ಓಲೆ ಇದಕ್ಕೆ ವಿರುದ್ಧವಾದ ತಪ್ಪಿಗೆ ಬಿದ್ದಿತು. ಮೊಣಕಾಲಿನ ನೋವು, ಬಿಸಿಲು, ಮಗಳ ಕಛೇರಿಯ ರಜೆ, ಮೈಸೂರಿನ ದಾರಿ ಎಂದು ನಾಲ್ಕು ಕಾರಣಗಳು. ಒಂದೊಂದೂ ಸ್ವಲ್ಪ ಸ್ವಲ್ಪ ನಿಜವೇ. ಆದರೆ ಕಾರಣಗಳು ಹೆಚ್ಚಿದಷ್ಟೂ ಒಂದೊಂದರ ಬಲ ಕುಂದುತ್ತದೆ. ಅಲ್ಲದೆ ಪ್ರತಿಯೊಂದಕ್ಕೂ ಆತಿಥೇಯನ ಬಳಿ ಪರಿಹಾರವಿರುತ್ತದೆ: ಕಾರು ಕಳುಹಿಸುತ್ತೇನೆ, ಕೆಳಗಿನ ಅಂತಸ್ತಿನಲ್ಲಿಯೇ ಕೊಠಡಿ ಕೊಡಿಸುತ್ತೇನೆ ಎನ್ನುವನು. ಆಗ ಬರಲಾರೆನೆಂಬುದು ಚೌಕಾಸಿಯಾಗಿಬಿಡುತ್ತದೆ.

ಕೊನೆಗೆ ಅವರು ಕಳುಹಿಸಿದ್ದು ಇಷ್ಟೇ:

"ಪ್ರಿಯ ರಾಯರಿಗೆ, ನಮಸ್ಕಾರಗಳು. ನೀವಿಬ್ಬರೂ ಮನೆಗೆ ಬಂದು ಕರೆದುದು ನಮಗೆ ಬಹಳ ಸಂತೋಷವನ್ನುಂಟುಮಾಡಿತು. ನಮ್ಮ ಜಗುಲಿಯ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದ ಮಗು ಹಸೆಮಣೆ ಏರುವುದನ್ನು ನೋಡುವ ಆಸೆ ನಮಗೆ ಎಷ್ಟಿದೆಯೆಂದು ನಿಮಗೆ ಹೇಳಬೇಕಾದುದಿಲ್ಲ. ಆದರೆ ಈ ತಿಂಗಳು ನಾವು ಮೂವರೂ ಮನೆಯಲ್ಲಿಯೇ ಇರಬೇಕಾಗಿದೆ, ಮುಹೂರ್ತಕ್ಕೆ ಬರಲಾಗುವುದಿಲ್ಲ. ಕಾರಣವನ್ನು ಮುಂದೆ ಎದುರಿಗೆ ಕುಳಿತಾಗ ಹೇಳುವೆನು. ಈಗ ನೀವು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬಾರದು. ನೀವು ಕೊಟ್ಟ ಅಕ್ಷತೆ ದೇವರ ಮುಂದಿದೆ; ಮುಹೂರ್ತದ ಗಳಿಗೆಯಲ್ಲಿ ಇಲ್ಲಿಂದಲೇ ಹರಸುವೆವು. ಆಷಾಢದಲ್ಲಿ ಮಗು ತವರಿಗೆ ಬರುವುದಷ್ಟೆ. ಆಗ ಎರಡನೆಯ ಭಾನುವಾರ ನಿಮ್ಮಲ್ಲಿಗೆ ಬಂದು ಅವಳನ್ನು ನೋಡಿಹೋಗಬೇಕೆಂದಿದ್ದೇವೆ. ನಮ್ಮ ಕೊಠಡಿಯನ್ನು ದಯವಿಟ್ಟು ಬೇರೆಯವರಿಗೆ ಕೊಡಿರಿ."

ಈ ಓಲೆಯಲ್ಲಿ ಸುಳ್ಳಿಲ್ಲ. ದುಃಖದ ಹೆಸರೂ ಇಲ್ಲ. ಮಂಗಳಕಾರ್ಯದ ಮನೆಗೆ ಅಳಲಿನ ಮಾತನ್ನು ಬರೆಯಬಾರದೆಂಬ ಹಿರಿಯರ ನಿಯಮ ಬರಿಯ ಮೂಢನಂಬಿಕೆಯಲ್ಲ. ಆ ಸುದ್ದಿಯನ್ನು ಓದಿದ ತಾಯಿ ಆ ದಿನವೆಲ್ಲಾ ತನ್ನ ಮಗಳ ಸಂತೋಷಕ್ಕೆ ತಾನೇ ಅಂಜುವಳು. ಕಾರಣವುಂಟೆಂಬುದನ್ನು ಒಪ್ಪಿಕೊಂಡು ಅದನ್ನು ಮುಂದಕ್ಕೆ ಹಾಕಿರುವುದರಿಂದ ವಿಶ್ವಾಸಕ್ಕೂ ಕೊರತೆಯಿಲ್ಲ. "ಬರಲಾಗುವುದಿಲ್ಲ" ಎಂಬ ಮಾತು ಒಂದೇ ಸಲ, ಸಂಶಯಕ್ಕೆ ಎಡೆಯಿಲ್ಲದಂತೆ ಬಂದಿದೆ; "ಪ್ರಯತ್ನಿಸುವೆವು" ಎಂಬ ಬಾಲಂಗೋಚಿ ಅದಕ್ಕಿಲ್ಲ. ಕೊಠಡಿಯ ವಿಷಯದ ಕಡೆಯ ವಾಕ್ಯ ಶುಷ್ಕವಾಗಿ ಕಂಡರೂ, ಮದುವೆ ಮಾಡಿಸಿದವರಿಗೆ ಅದರ ಬೆಲೆ ಗೊತ್ತು.

ಮೊದಲು ದೂರವಾಣಿಯಲ್ಲಿ ಮಾತಾಡಬಾರದಿತ್ತೇ ಎಂದು ಕೇಳಬಹುದು. ಬಾಯಿಮಾತಿನಲ್ಲಿ "ಏಕೆ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ, "ಬರಲೇಬೇಕು" ಎಂದು ಒತ್ತಾಯಿಸುವುದು ಕರೆದವನಿಗೆ ಉಪಚಾರದ ಕಟ್ಟಳೆ. ಬರೆಹ ಅವನನ್ನು ಆ ಕಟ್ಟಳೆಯಿಂದ ಬಿಡಿಸುತ್ತದೆ. ಆದರೆ ಮನೆಗೆ ಬಂದು ಕರೆದವರಿಗೆ ಬರಿಯ ಬರೆಹದಿಂದ ತೃಪ್ತಿಯಾಗದು. ಎರಡು ದಿನ ಕಳೆದ ಮೇಲೆ ಯಜಮಾನರು ದೂರವಾಣಿಯಲ್ಲಿ ಮಾತಾಡಿದರು. ತಮ್ಮ ವಿಷಯವನ್ನೆತ್ತದೆ, ಅಡಿಗೆಯವರು ಯಾರು, ವರಪೂಜೆ ಎಷ್ಟು ಗಂಟೆಗೆ, ಬೀಗರು ಎಷ್ಟು ಮಂದಿ ಎಂದು ವಿಚಾರಿಸಿದರು. ರಾಯರು ಅರ್ಧ ಗಂಟೆ ಮಾತಾಡಿದರಂತೆ.

ಯಜಮಾನರೊಬ್ಬರೇ ಹೋಗಿ ಮುಖ ತೋರಿಸಿ ಬರಬಹುದಾಗಿತ್ತೆಂಬ ಆಕ್ಷೇಪವೂ ಉಂಟು. ಅನೇಕ ಸಂದರ್ಭಗಳಲ್ಲಿ ಅದೇ ಸರಿಯಾದ ಕ್ರಮ. ಇಲ್ಲಿ ಮಾತ್ರ, ಇಬ್ಬರನ್ನು ಬಿಟ್ಟು ಹೋಗುವುದು ಹೇಗೂ ಕಷ್ಟ, ಹೋಗಿದ್ದರೂ "ಮನೆಯವರು ಬರಲಿಲ್ಲವೇ?" ಎಂದು ಇಪ್ಪತ್ತು ಜನ ಕೇಳುತ್ತಿದ್ದರು. ಒಂದು ಓಲೆಯಲ್ಲಿ ಕಾಪಾಡಿದ ಮೌನವನ್ನು ಇಪ್ಪತ್ತು ಬಾಯಿಗಳೆದುರು ಕಾಪಾಡುವುದು ಸಾಮಾನ್ಯರಿಂದ ಆಗತಕ್ಕುದಲ್ಲ.

ಮುಯ್ಯಿಯ ವಿಷಯದಲ್ಲಿ ಯಜಮಾನರಿಗೂ ಅವರ ಪತ್ನಿಗೂ ಭಿನ್ನಾಭಿಪ್ರಾಯವಾಯಿತು. ಓಲೆಯ ಜೊತೆಯಲ್ಲಿಯೇ ಕೈಫೋನಿನ ಮೂಲಕ ಹಣವನ್ನು ಕಳುಹಿಸಿಬಿಡುವುದೆಂದು ಯಜಮಾನರ ಮತ. ಮುಯ್ಯಿ ಕೊಟ್ಟು ತೆಗೆದುಕೊಳ್ಳುವ ಲೆಕ್ಕವಾದುದರಿಂದ ಉಳಿಸಿಕೊಳ್ಳಬಾರದೆಂಬುದೂ ನ್ಯಾಯವೇ. ಆದರೆ ಪತ್ನಿ ಒಪ್ಪಲಿಲ್ಲ. ಬಾರದಿರುವ ಸುದ್ದಿಯೂ ಹಣವೂ ಒಂದೇ ಗಳಿಗೆಯಲ್ಲಿ ಸೇರಿದರೆ ದಂಡ ತೆತ್ತಂತೆ ಕಾಣುವುದೆಂದು ಆಕೆಯ ವಾದ. ಆಕೆಯ ಮಾತೇ ಸರಿ. ಸೀರೆಯನ್ನು ಆಷಾಢಕ್ಕೆಂದು ತೆಗೆದಿಟ್ಟರು.

2020ರ ಸಾಂಕ್ರಾಮಿಕದ ಕಾಲದಲ್ಲಿ, ಮದುವೆಗೆ ಐವತ್ತಕ್ಕಿಂತ ಹೆಚ್ಚು ಅತಿಥಿಗಳು ಸೇರಕೂಡದೆಂದು ಸರ್ಕಾರದ ಕಟ್ಟುಪಾಡಾದಾಗ, ಕರೆದವರೇ "ಬರಬೇಡಿರಿ" ಎಂದು ಬರೆಯಬೇಕಾಗಿ ಬಂದಿತ್ತು. ಆಗ ದೂರದಿಂದ ಹರಸಿದವರಲ್ಲಿ ಕೆಲವರು ಆಮೇಲೆ ಹೊಸ ದಂಪತಿಗಳನ್ನು ಊಟಕ್ಕೆ ಕರೆದರು, ಕೆಲವರು ಮರೆತೇಬಿಟ್ಟರು. "ಒಂದು ದಿನ ಬರುತ್ತೇವೆ" ಎಂದವರೇ ಮರೆತವರಲ್ಲಿ ಹೆಚ್ಚು. ತಿಥಿಯನ್ನೋ ವಾರವನ್ನೋ ಹೆಸರಿಸದ ಆಶ್ವಾಸನೆಗೆ ಹಿಂದಿನ ಬಾಗಿಲು ತೆರೆದೇ ಇರುತ್ತದೆ.

ಆಷಾಢದ ಎರಡನೆಯ ಭಾನುವಾರ ಮೂವರೂ ಮೈಸೂರಿಗೆ ಹೋದರು. ಶುಕ್ರವಾರಗಳಂದು ಚಾಮುಂಡಿಬೆಟ್ಟಕ್ಕೆ ನೆರೆಯುವ ಜನಸಂದಣಿ ಆ ದಿನ ಇರಲಿಲ್ಲ. ರಾಯರು ಕಾರಣವನ್ನು ಕೇಳಲಿಲ್ಲ. ಊಟವಾದ ಮೇಲೆ ಯಜಮಾನರೇ ಮಾತನ್ನೆತ್ತಲು ತೊಡಗಿದಾಗ, ರಾಯರ ಪತ್ನಿ ಎಲೆ ಅಡಿಕೆಯ ತಟ್ಟೆಯನ್ನು ಮುಂದಕ್ಕೆ ಸರಿಸಿ, "ಅಂದು ಕರೆಯಲು ಬಂದಾಗ ಮಗುವಿನ ಕೈಯಲ್ಲಿ ಉಂಗುರವಿರಲಿಲ್ಲ. ಅದನ್ನು ನೋಡಿದೆ. ದಾರಿಯಲ್ಲಿ ಇವರಿಗೆ ಹೇಳಿದೆ" ಎಂದರು. ಒಳಗೆ ಮದುವೆಯ ಭಾವಚಿತ್ರಗಳ ದೊಡ್ಡ ಪುಸ್ತಕ ಮೇಜಿನ ಮೇಲೆ ಮುಚ್ಚಿಯೇ ಇತ್ತು. ಅದನ್ನು ತೋರಿಸೆಂದು ಮೊದಲು ಕೇಳಿದವಳು ಈ ಮನೆಯ ಮಗಳು.